ಬುಟ್ಟಿಗೆ ಹಾಕಿ ಹಾಗೇ ಹೋದಿರಲ್ಲ!

ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಬುಟ್ಟಿಗೆ ಹಾಕಿ, ದುಡ್ಡು ಕಟ್ಟದೆ ಹೋದವರಿಗೆ ಏಳು ದಿನದಲ್ಲಿ ಕಾಣಿಸುವ ಜಾಹೀರಾತು, ಸಂದೇಶಗಳು ಇವು.

ಮೊದಲ ದಿನ, ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ (ಚನ್ನಪಟ್ಟಣದ ಗೊಂಬೆ ಬಿಟ್ಟುಹೋದವರಿಗೆ)

ರೈಲು ಇನ್ನೂ ಸ್ಟೇಷನ್‌ನಲ್ಲೇ ಇದೆ

ಹಳದಿ ಎಂಜಿನ್, ಕೆಂಪು ಡಬ್ಬಿ, ₹650. ಬುಟ್ಟಿಗೆ ಹಾಕಿದಿರಿ, ಅಷ್ಟರಲ್ಲಿ ಫೋನ್ ಬಂತೋ, ಹಾಲು ಉಕ್ಕಿತೋ, ಹಾಗೇ ಹೋಗಿಬಿಟ್ಟಿರಿ. ಪರವಾಗಿಲ್ಲ, ನಾವು ತೆಗೆದಿಲ್ಲ.

ಒಂದು ಮಾತು. ಫೋಟೊದಲ್ಲಿ ಕಾಣುವ ಆ ಹೊಳಪು ಪೇಂಟ್ ಅಲ್ಲ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರಗಿರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ಕೇದಗೆ ಗರಿ ಹಿಡಿದು ಉಜ್ಜಿದರೆ ಆ ಮಿರುಗು. ಬ್ರಷ್ ಮುಟ್ಟಿಸುವುದೇ ಇಲ್ಲ. ಈ ರೈಲಿನ ಹಳದಿ ಅರಿಶಿನದ್ದು.

ಮಗು ಇನ್ನೂ ಮೂರು ವರ್ಷ ದಾಟಿಲ್ವಾ? ಹಾಗಾದರೆ ರೈಲು ಬೇಡ, ಚಕ್ರ ಚಿಕ್ಕದು. ₹280ರ ಗಿಲಕಿ ತಗೊಳ್ಳಿ. ನಮಗೆ ಸ್ವಲ್ಪ ನಷ್ಟ, ಇರಲಿ.

ಬಟನ್: ನನ್ನ ಬುಟ್ಟಿ ತೋರಿಸಿ

ಮೊದಲ ದಿನ (ಕಸೂತಿ ಸೀರೆ ಬಿಟ್ಟುಹೋದವರಿಗೆ)

ಸೆರಗನ್ನು ತಿರುಗಿಸಿ ನೋಡಿ

ಅಂಗಡಿಗೆ ಬಂದಿದ್ದರೆ ಅದನ್ನೇ ಮಾಡುತ್ತಿದ್ದಿರಿ ಅಲ್ವಾ? ಆನ್‌ಲೈನ್‌ನಲ್ಲಿ ಆಗಲ್ಲ ಅಂತ ಈ ಸಲ ಹಿಂಭಾಗದ ಫೋಟೊನೂ ಹಾಕಿದ್ದೇವೆ. ಕಸೂತಿಯ ಗವಂತಿ, ಮುರಗಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಬರುತ್ತದೆ. ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು.

₹4,800 ಜಾಸ್ತಿ ಅನ್ನಿಸಿತಾ? ಅನ್ನಿಸುವಂಥದ್ದೇ. ಅದೇ ನಮೂನೆಯ ಮೆಷಿನ್ ಸೀರೆ ಪೇಟೆಯಲ್ಲಿ ಕಡಿಮೆಗೆ ಸಿಗುತ್ತದೆ, ಹಿಂಭಾಗ ನೋಡಿ ನೀವೇ ತೀರ್ಮಾನ ಮಾಡಿ.

ಬಟನ್: ಹಿಂಭಾಗ ನೋಡುತ್ತೇನೆ

ಮೂರನೇ ದಿನ, ವಾಟ್ಸಾಪ್

ನಮಸ್ಕಾರ ಮೇಡಂ, ನಿಮ್ಮ ಬುಟ್ಟಿಯಲ್ಲಿ ಬಿದರಿ ಹೂದಾನಿ (6 ಇಂಚು, ₹2,350) ಉಳಿದಿದೆ. ಪೇಮೆಂಟ್ ಪುಟದವರೆಗೆ ಬಂದು ನಿಂತಿದ್ದೀರಿ. ಬಹುಶಃ ಅಲ್ಲಿ ₹120 ಕೊರಿಯರ್ ಚಾರ್ಜ್ ದಿಢೀರ್ ಅಂತ ಕಾಣಿಸಿತು, ಅದು ನಮ್ಮದೇ ತಪ್ಪು, ಮೊದಲೇ ಹೇಳಬೇಕಿತ್ತು. ಈ ಆರ್ಡರ್‌ಗೆ ಆ ₹120 ಬಿಟ್ಟಿದ್ದೇವೆ. ಕೂಪನ್ ಕೋಡ್ ಏನೂ ಹಾಕುವುದು ಬೇಡ, ಬುಟ್ಟಿ ತೆರೆದರೆ ಕಡಿಮೆಯಾಗಿಯೇ ಇರುತ್ತದೆ.

"ಕಪ್ಪು ಬಣ್ಣ ಹೋಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಅದು ಮೇಲೆ ಬಳಿದ ಬಣ್ಣ ಅಲ್ಲ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿಗೆ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು!

ಡೌಟ್ ಇದ್ದರೆ ಇಲ್ಲೇ ಕೇಳಿ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ನಮ್ಮಲ್ಲೊಬ್ಬರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ.

ಐದನೇ ದಿನ, ಫೋನ್ ನೋಟಿಫಿಕೇಶನ್

ಬುಟ್ಟಿ ಭಾರ ಅನ್ನಿಸಿದರೆ ಒಂದನ್ನು ತೆಗೆದು ಒಂದನ್ನು ತಗೊಳ್ಳಿ, ನಾವೇನೂ ಅಂದುಕೊಳ್ಳಲ್ಲ 🙂

ಏಳನೇ ದಿನ, ಎಲ್ಲರಿಗೂ, ಕೊನೆಯ ಜಾಹೀರಾತು

ಬೊಂಬೆ ಕೂರಿಸುವ ಮುಂಚೆ ತಲುಪಬೇಕಾ?

"ಎರಡೇ ಪೀಸ್ ಉಳಿದಿದೆ, ಬೇಗ ಬೇಗ" ಅಂತ ಸುಮ್ನೆ ಹೆದರಿಸುವುದು ನಮಗೂ ಇಷ್ಟ ಇಲ್ಲ. ಆದರೆ ನವರಾತ್ರಿ ನಮಗಾಗಿ ಕಾಯುವುದಿಲ್ಲ. ಪ್ಯಾಕಿಂಗ್‌ಗೆ 2 ದಿನ ಬೇಕು, ಕರ್ನಾಟಕದೊಳಗೆ ಕೊರಿಯರ್‌ಗೆ 3ರಿಂದ 5 ದಿನ. ಹಬ್ಬಕ್ಕೆ ಎಂಟು ದಿನ ಮುಂಚೆ ಆರ್ಡರ್ ಮಾಡಿದರೆ ನೆಮ್ಮದಿ, ಆಮೇಲಾದರೆ ನಾವು ಮಾತು ಕೊಡಲಾರೆವು.

ದಾರಿಯಲ್ಲಿ ಒಡೆದರೆ? ಪೊಟ್ಟಣ ಬಿಚ್ಚುವಾಗ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಒಡೆದಿದ್ದರೆ ಬೇರೆ ಕಳಿಸುತ್ತೇವೆ, ಅದೇ ನಮೂನೆ ಇಲ್ಲದಿದ್ದರೆ ದುಡ್ಡು ವಾಪಸ್. ಬಣ್ಣದಲ್ಲಿ ಒಂಚೂರು ಹೆಚ್ಚುಕಡಿಮೆ ಮಾತ್ರ ಇದ್ದೇ ಇರುತ್ತದೆ, ಕೈಯಲ್ಲಿ ಮಾಡಿದ ಎರಡು ಗೊಂಬೆ ಒಂದೇ ಥರ ಬಂದರೆ ನಮಗೇ ಅನುಮಾನ ಬರುತ್ತದೆ.

ಬಟನ್: ಬುಟ್ಟಿಯಲ್ಲಿರುವುದು ಮನೆಗೆ ಕಳಿಸಿ

ಕೆಳಗೆ ಸಣ್ಣ ಅಕ್ಷರದಲ್ಲಿ: ಆಗಲೇ ಬೇರೆ ಕಡೆ ತಗೊಂಡಿರಾ, ಮನಸ್ಸು ಬದಲಾಯಿತಾ? ವಾಟ್ಸಾಪ್‌ನಲ್ಲಿ "ಬೇಡ" ಅಂತ ಒಂದು ಪದ ಕಳಿಸಿ. ಬುಟ್ಟಿ ಖಾಲಿ ಮಾಡಿ, ನಿಮಗೆ ಜಾಹೀರಾತು ತೋರಿಸುವುದನ್ನೂ ನಿಲ್ಲಿಸುತ್ತೇವೆ.