ಕಥಾಸಾರ: ‘ಬಿಚ್ಚದ ಪುಟ’, ನಾಲ್ಕು ತಲೆಮಾರಿನ ಕಾದಂಬರಿ

ಹಸ್ತಪ್ರತಿ 612 ಪುಟ, 43 ಅಧ್ಯಾಯ. ಕಥೆಯ ಕಾಲ 1924ರಿಂದ 1998. ಆಯ್ಕೆ ಸಮಿತಿಗಾಗಿ ಬರೆದದ್ದು, ಹಾಗಾಗಿ ಕೊನೆಯನ್ನೂ ಬಿಚ್ಚಿ ಹೇಳಿದೆ.

1924. ಬೇರೆಯವರ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ರಾಮಯ್ಯ, ಗೆಳೆಯ ಗೋವಿಂದನ ಜೊತೆ ಸೇರಿ ಸ್ವಂತ ಅಚ್ಚುಕೂಟ ತೆರೆಯುತ್ತಾನೆ. ಬಂಡವಾಳ ಗೋವಿಂದನ ಹೊಲ ಮಾರಿದ ಹಣ. ಅಕ್ಷರವೂ ಅವನದೇ: ಉಕ್ಕಿನ ಕಡ್ಡಿಯ ತುದಿಯಲ್ಲಿ ಒಂದೊಂದೇ ಅಕ್ಷರ, ಒಂದೊಂದೇ ಒತ್ತು ಕೊರೆದು ಮೂರು ವರ್ಷದಲ್ಲಿ ಪೂರ್ತಿ ಒಂದು ಬಗೆಯ ಮೊಳೆ ಸಿದ್ಧಮಾಡುತ್ತಾನೆ. ಆ ಮೊಳೆಯಲ್ಲಿ ರಾಮಯ್ಯ ಜೋಡಿಸುವ ಮೊದಲ ಪುಟವೇ ಇಬ್ಬರ ಪಾಲುಗಾರಿಕೆಯ ಪ್ರಕಟಣೆ, ಅರ್ಧ ಅರ್ಧ. ಅದು ಅಚ್ಚಾಗುವ ಮುನ್ನವೇ ಗೋವಿಂದ ಜ್ವರದಲ್ಲಿ ತೀರಿಕೊಳ್ಳುತ್ತಾನೆ. ಅವನ ಹೆಂಡತಿಗೆ ಒಂದಿಷ್ಟು ಹಣ ಕೊಟ್ಟು ಕಳಿಸಿ, ರಾಮಯ್ಯ ಅಚ್ಚುಕೂಟವನ್ನು ತನ್ನೊಬ್ಬನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಆದರೆ ಆ ಪುಟವನ್ನು ಬಿಚ್ಚಿ ಮೊಳೆಗಳನ್ನು ಖಾನೆಗೆ ಹಾಕಲು ಅವನಿಗೆ ಕೈ ಬರುವುದಿಲ್ಲ. ದಾರ ಬಿಗಿದು, ಬಟ್ಟೆ ಸುತ್ತಿ, ಕೆಳಗಿನ ಖಾನೆಯಲ್ಲಿ ಇಡುತ್ತಾನೆ. ಮುಂದಿನದೆಲ್ಲ ಈ ಒಂದು ಕೆಲಸದಿಂದ ಹುಟ್ಟುತ್ತದೆ.

1943. ಯುದ್ಧದಿಂದಾಗಿ ಕಾಗದ ಸಿಗುವುದಿಲ್ಲ. ಹಿರಿಯ ಮಗ ವೆಂಕಟೇಶ, ಅಚ್ಚುಕೂಟಕ್ಕೆ ಗೊತ್ತಾದ ಪಾಲಿನ ಕಾಗದವನ್ನು ಕಳ್ಳಸಂತೆಯಲ್ಲಿ ಮಾರಿ ಲೆಕ್ಕ ತಿದ್ದುತ್ತಾನೆ. ತಪಾಸಣೆ ಬಂದಾಗ ತಮ್ಮ ಶ್ರೀಪತಿಯ ಮೇಲೆ ಹೊರಿಸುತ್ತಾನೆ. ನಿಜ ಗೊತ್ತಿದ್ದೂ ರಾಮಯ್ಯ ಸುಮ್ಮನಿರುತ್ತಾನೆ: ಲೆಕ್ಕ ಬಲ್ಲ ಮಗ ಬೇಕು, ಮೊಳೆ ಜೋಡಿಸುವ ಮಗ ಹೋದರೆ ಆಳು ಸಿಗುತ್ತಾರೆ. ಮನೆ ಬಿಟ್ಟ ಶ್ರೀಪತಿಗೆ ಆಸರೆಯಾಗುವುದು ಗೋವಿಂದನ ಹೆಂಡತಿಯ ಮನೆ. ಅವಳ ಮಗಳನ್ನೇ ಅವನು ಮದುವೆಯಾಗುತ್ತಾನೆ. ಮೋಸ ಮಾಡಿದ ಮನೆತನ, ಮೋಸ ಹೋದ ಮನೆತನ ಎರಡೂ ಇಲ್ಲಿಂದಾಚೆ ಒಂದೇ ರಕ್ತ. ಇಡೀ ಕಾದಂಬರಿಯ ಕೀಲು ಇದು.

1961. ವೆಂಕಟೇಶನ ಮಗಳು ಸುಮಿತ್ರಾ ಹದಿನೇಳಕ್ಕೆ ಮೊಳೆ ಕೆಲಸ ಕಲಿಯುತ್ತಾಳೆ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಲೆಕ್ಕದ ಮೇಜು ಬಿಟ್ಟು ಏಳದ ವೆಂಕಟೇಶನಿಗೆ ಅದನ್ನು ಓದಲು ಬಾರದು. ತಾತ ಬಿಟ್ಟುಹೋದ ಆ ಗಂಟನ್ನು ಅವನು ವರ್ಷಗಟ್ಟಲೆ ಕಾಗದ ಹಾರದಂತೆ ಒತ್ತಿಡಲು ಬಳಸಿದ್ದಾನೆ. ಸುಮಿತ್ರಾ ಬಟ್ಟೆ ಬಿಚ್ಚಿದೊಡನೆ ಓದುತ್ತಾಳೆ. ಅಪ್ಪನಿಗೆ ಹೇಳುತ್ತಾಳೆ. ಅವನು ಬೆಳಗಾಗುವುದರೊಳಗೆ ಕರಗಿಸು ಎನ್ನುತ್ತಾನೆ. ಕರಗಿಸುತ್ತಾಳೆ, ಆದರೆ ಅದಕ್ಕೂ ಮೊದಲು ಮಸಿ ಹಚ್ಚಿ ಒಂದೇ ಒಂದು ಕರಡಚ್ಚು ತೆಗೆದು ಬಚ್ಚಿಡುತ್ತಾಳೆ.

1987. ಅಪ್ಪನ ನಂತರ ಯಜಮಾನಿಕೆ ಸುಮಿತ್ರಾಳ ತಮ್ಮ ಮೋಹನನದು. ಆಫ್‌ಸೆಟ್ ಯಂತ್ರ ಬರುತ್ತದೆ, ಒಂಬತ್ತು ಕ್ವಿಂಟಲ್ ಮೊಳೆ ಗುಜರಿಗೆ ಹೋಗುತ್ತದೆ. ಶ್ರೀಪತಿಯ ಮಗ ಅನಂತ ಬಂದು, ತಾಯಿಯ ತಂದೆ ಕೊರೆದ ಉಕ್ಕಿನ ಕಡ್ಡಿಗಳನ್ನಷ್ಟೇ ಕೇಳುತ್ತಾನೆ. ಮೋಹನ ಅವನನ್ನು ಬಾಗಿಲಿನಿಂದಲೇ ಕಳಿಸುತ್ತಾನೆ. ಸುಮಿತ್ರಾ ಒಳಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೂ ಹೊರಗೆ ಬರುವುದಿಲ್ಲ. ತಾತ ಮಾಡಿದ್ದನ್ನೇ ತಾನೂ ಮಾಡಿದೆ ಎಂದು ಆ ರಾತ್ರಿ ಅವಳಿಗೆ ತಿಳಿಯುತ್ತದೆ. ಹಸ್ತಪ್ರತಿಯ ಅತ್ಯುತ್ತಮ ಅಧ್ಯಾಯ ಇದು, 31ನೆಯದು.

1998. ಮೋಹನನ ಮಗಳು ಚಾರು ಮನೆಯ ಹಳೆಯ ಪುಸ್ತಕಗಳ ಅಕ್ಷರ ನೋಡಿ ಕಂಪ್ಯೂಟರ್ ಫಾಂಟ್ ಮಾಡುತ್ತಿದ್ದಾಳೆ. “ಅತ್ತೆ, ಇದನ್ನು ಬರೆದವರು ಯಾರು?” ಎಂದು ಅವಳು ಕೇಳಿದಾಗ ಸುಮಿತ್ರಾ ಮೂವತ್ತೇಳು ವರ್ಷದ ಕರಡಚ್ಚನ್ನು ಮೇಜಿನ ಮೇಲಿಡುತ್ತಾಳೆ. ಆಗಷ್ಟೇ ಕಟ್ಟಡ ಮಾರಿ ಹಣ ಹಂಚಿಕೊಳ್ಳುವ ಮಾತು ನಡೆದಿದೆ. ಸಹಿಯಿಲ್ಲದ ಹಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾನೆ ಮೋಹನ. ಅದು ನಿಜವೂ ಹೌದು. ಸುಮಿತ್ರಾ ವಾದಿಸದೆ ತನ್ನ ಅರ್ಧ ಪಾಲನ್ನು ಅನಂತನ ಹೆಸರಿಗೆ ಬರೆಯುತ್ತಾಳೆ. ಅನಂತ ಹಣ ಬೇಡವೆಂದು, ಫಾಂಟಿಗೆ ಗೋವಿಂದನ ಹೆಸರಿಡಿ ಎನ್ನುತ್ತಾನೆ. ಚಾರು ಇಡುತ್ತಾಳೆ. ಮೋಹನ ಆ ದಿನ ಮನೆಗೆ ಬರುವುದಿಲ್ಲ. ಕೊನೆಯ ದೃಶ್ಯದಲ್ಲಿ ಅನಂತ ಕರಡಚ್ಚನ್ನು ಕೈಗೆತ್ತಿಕೊಂಡು ಮೊದಲ ಬಾರಿ ಓದುತ್ತಾನೆ: ರಾಮಯ್ಯ ತನ್ನ ಹೆಸರಿಗಿಂತ ಮೇಲೆ ಗೋವಿಂದನ ಹೆಸರು ಜೋಡಿಸಿದ್ದಾನೆ.

ಬಿಟ್ಟದ್ದು: ಮೋಹನನ ಕಾಲೇಜು ದಿನಗಳು (18ರಿಂದ 23ನೇ ಅಧ್ಯಾಯ), ಎರಡು ಮದುವೆ, ಯಂತ್ರ ಕೊಂಡ ಸಾಲದ ಪ್ರಸಂಗ. ಇವನ್ನು ತೆಗೆದರೂ ಮೇಲಿನ ಯಾವ ತಿರುವೂ ಅಲುಗುವುದಿಲ್ಲ; ಹಸ್ತಪ್ರತಿ ಜಗ್ಗುವುದೂ ಅಲ್ಲಿಯೇ. ಶ್ರೀಪತಿಯ ಪತ್ರಗಳನ್ನು ಮಾತ್ರ ಜಾಗವಿಲ್ಲದೆ ಬಿಟ್ಟಿದ್ದೇನೆ. ಸಮಿತಿಯವರು ಅವು ಇರುವ 27ನೇ ಅಧ್ಯಾಯವನ್ನು ದಯವಿಟ್ಟು ಪೂರ್ತಿ ಓದಬೇಕು.