ದಸರಾ ಹೊಲಿಗೆ ಬುಕಿಂಗ್: ಕೊನೇ ದಿನ ಸೆಪ್ಟೆಂಬರ್ 6, ಶನಿವಾರ ರಾತ್ರಿ 8 ಗಂಟೆ

ನಮಸ್ಕಾರ ಅಕ್ಕಂದಿರೇ, ಅಮ್ಮಂದಿರೇ 🙏
ಸರಸ್ವತಿಪುರಂ ಲೇಡೀಸ್ ಟೈಲರ್ ಸರೋಜ. 29 ಆಗಸ್ಟ್ 2025, ಶುಕ್ರವಾರ.

ಗೌರಿ ಹಬ್ಬದ ಬಟ್ಟೆಗಳೆಲ್ಲ ಕೊಟ್ಟಾಯ್ತು. ನಾಳೆ ಬೆಳಗ್ಗೆಯಿಂದ ದಸರಾಕ್ಕೆ ಬರೆದುಕೊಳ್ತೀವಿ. *ಸೆಪ್ಟೆಂಬರ್ 6, ಶನಿವಾರ ರಾತ್ರಿ 8ಕ್ಕೆ ಪುಸ್ತಕ ಮುಚ್ಚುತ್ತೆ.* ಅಷ್ಟರೊಳಗೆ ಬಟ್ಟೆ, ಅಳತೆ ಬ್ಲೌಸ್, ಅಡ್ವಾನ್ಸ್ ಮೂರೂ ಅಂಗಡಿಗೆ ಬಂದಿರಬೇಕು. ಬರೀ ಮೆಸೇಜ್ ಹಾಕಿದ್ರೆ ಜಾಗ ಎರಡು ದಿನ ಮಾತ್ರ ಹಿಡಿದಿಡ್ತೀವಿ. 5ಕ್ಕೆ ಮೆಸೇಜ್ ಹಾಕಿದೋರಿಗೂ ಕೊನೇ ಗಂಟೆ ಅದೇ 6ರ ರಾತ್ರಿ 8.

ಹಬ್ಬಕ್ಕೆ ಇನ್ನೂ ಮೂರು ವಾರ ಇದ್ಯಲ್ಲ, ಇಷ್ಟು ಬೇಗ ಯಾಕೆ ಅಂತೀರಾ? 7ನೇ ತಾರೀಕು ಭಾನುವಾರ ಹುಣ್ಣಿಮೆ, ಗ್ರಹಣ, ಅಂಗಡಿ ಇಲ್ಲ. 8ರಿಂದ ಪಕ್ಷ. ಪಕ್ಷದಲ್ಲಿ ಹೊಸ ಬಟ್ಟೆ ಹೊಲಿಯೋಕೆ ಕೊಡಲ್ಲ ಅನ್ನೋರು ನಮ್ಮಲ್ಲಿ ತುಂಬಾ ಜನ. ಅವರೆಲ್ಲ 21ರ ಮಹಾಲಯ ಅಮಾವಾಸ್ಯೆ ಕಳೆದು, 22ಕ್ಕೆ ಒಟ್ಟಿಗೆ ಬರ್ತಾರೆ. ಅವತ್ತೇ ನವರಾತ್ರಿ ಶುರು. ಅಕ್ಟೋಬರ್ 1 ಬುಧವಾರ ಆಯುಧಪೂಜೆ: ಮಿಷನ್, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಪೂಜೆ, ಅವತ್ತು ಒಂದು ಹೊಲಿಗೆಯೂ ಹಾಕಲ್ಲ. ಮಧ್ಯೆ ಉಳಿಯೋದು ಒಂದು ಭಾನುವಾರ ಕಳೆದು ಬರೀ ಎಂಟು ದಿನ. ಅದರಲ್ಲಿ ಎಲ್ಲರದ್ದೂ ಆಗಲ್ಲ. ಪಕ್ಷ ನೋಡೋರು ಬಟ್ಟೆಯನ್ನ ಪಕ್ಷಕ್ಕೆ ಮುಂಚೆಯೇ ಕೊಟ್ಟುಬಿಡಿ. ಹೊಲಿದದ್ದನ್ನ ಪಕ್ಷದಲ್ಲಿ ಮನೆಗೆ ಒಯ್ಯಬಾರದು ಅಂದ್ರೆ ಅಂಗಡಿಯಲ್ಲೇ ಇಟ್ಟಿರ್ತೀವಿ, 22 ಸೋಮವಾರ ಬೆಳಗ್ಗೆ 7ರಿಂದ ತಗೊಂಡು ಹೋಗಿ.

*ಕಂತುಗಳು*
ಎರಡು ಮಿಷನ್, ಕಟಿಂಗ್‌ಗೆ ನಾನೊಬ್ಬಳು, ಹೆಮ್ಮಿಂಗ್ ಹುಕ್ಕಿಗೆ ಒಬ್ಬರು. ದಿನಕ್ಕೆ ಸರಿಯಾಗಿ ಆಗೋದು ಐದು ಬ್ಲೌಸ್, ಒಂದೊಂದು ದಿನ ಆರು. ಆ ಲೆಕ್ಕದಲ್ಲಿ ಟೋಕನ್ ಇಟ್ಟಿದ್ದೀವಿ.

1ನೇ ಕಂತು, ಸೆಪ್ಟೆಂಬರ್ 20 ಶನಿವಾರ ರೆಡಿ: 60 ಟೋಕನ್ (14 ಮೊದಲೇ ಹೇಳಿಟ್ಟವರಿಗೆ ಹೋಗಿವೆ, 46 ಇವೆ)
2ನೇ ಕಂತು, ಸೆಪ್ಟೆಂಬರ್ 26 ಶುಕ್ರವಾರ ರೆಡಿ: 25 ಟೋಕನ್
3ನೇ ಕಂತು, ಸೆಪ್ಟೆಂಬರ್ 30 ಮಂಗಳವಾರ ಸಂಜೆ 5ಕ್ಕೆ ರೆಡಿ: 12 ಟೋಕನ್ ಮಾತ್ರ

ಬೊಂಬೆ ಕೂರಿಸೋ ಮನೆಯವರು, ದಿನಾ ಸಂಜೆ ಆರತಿಗೆ ಹೋಗೋರು ಮೊದಲ ಕಂತೇ ತಗೊಳ್ಳಿ. ಮೂರನೇ ಕಂತಲ್ಲಿ ಫಿಟಿಂಗ್ ಹೆಚ್ಚು ಕಮ್ಮಿ ಆದ್ರೆ ಸರಿ ಮಾಡೋಕೆ ಸಮಯ ಇರಲ್ಲ. ಅದಕ್ಕೇ ಅದು ಇಲ್ಲಿ ಮೊದಲು ಹೊಲಿಸಿ ಅಳತೆ ಸರಿಹೋಗಿರೋ ಹಳಬರಿಗೆ ಮಾತ್ರ. ಹೊಸಬರಿಗೆ 1 ಅಥವಾ 2.

ಲೈನಿಂಗ್ ಬ್ಲೌಸ್ ಒಂದಕ್ಕೆ 1 ಟೋಕನ್. ಲೈನಿಂಗ್ ಇಲ್ಲದ್ದು ಎರಡು ಸೇರಿ 1. ಪ್ರಿನ್ಸೆಸ್ ಕಟ್, ಪ್ಯಾಡ್ ಹಾಕೋದು, ಬೋಟ್ ನೆಕ್, ಚೂಡಿದಾರ್ ಸೆಟ್, ಮಕ್ಕಳ ಲಂಗ ಬ್ಲೌಸ್ ಇವು 2 ಟೋಕನ್. ಫಾಲ್, ಜಿಗ್‌ಜಾಗ್‌ಗೆ ಟೋಕನ್ ಬೇಡ, ಆದ್ರೆ ಕೊನೇ ದಿನ ಅದೇ.

*ದರ*
ಲೈನಿಂಗ್ ಬ್ಲೌಸ್ 550, ಲೈನಿಂಗ್ ಇಲ್ಲದ್ದು 350, ಪ್ರಿನ್ಸೆಸ್ ಕಟ್ ಅಥವಾ ಬೋಟ್ ನೆಕ್ 750, ಚೂಡಿದಾರ್ ಸೆಟ್ 700, ಮಕ್ಕಳ ಲಂಗ ಬ್ಲೌಸ್ 900, ಫಾಲ್ ಜಿಗ್‌ಜಾಗ್ ಸೇರಿ 120. ಲೈನಿಂಗ್ ಬಟ್ಟೆ ನಿಮ್ಮದು. ಅಡ್ವಾನ್ಸ್ ಟೋಕನ್ನಿಗೆ 200, ಇದೇ ನಂಬರಿಗೆ ಯುಪಿಐ ಮಾಡಬಹುದು. ಅರ್ಜೆಂಟ್ ಚಾರ್ಜ್ ಅಂತ ಈ ಸಲ ಇಟ್ಟಿಲ್ಲ, ದಯವಿಟ್ಟು ಕೇಳಬೇಡಿ. ಒಬ್ಬರದ್ದು ಮುಂದೆ ಹಾಕಿದ್ರೆ ಮೊದಲೇ ಕೊಟ್ಟವರದ್ದು ಹಿಂದೆ ಬೀಳುತ್ತೆ.

*ಬಟ್ಟೆ ತರೋ ಮುಂಚೆ ಇದನ್ನ ಓದಿ*
ಹಬ್ಬದ ಹೊತ್ತಲ್ಲಿ ಆಗೋ ತಕರಾರು ಮುಕ್ಕಾಲು ಪಾಲು ಇಲ್ಲೇ ಹುಟ್ಟೋದು.

ಸೀರೆಯಲ್ಲೇ ಬಂದಿರೋ ಬ್ಲೌಸ್ ಪೀಸನ್ನ ಮನೆಯಲ್ಲಿ ಕತ್ತರಿಸಬೇಡಿ. ಸೀರೆ ಹಾಗೇ ತನ್ನಿ. ಸೆರಗಿನ ತುದಿ ಯಾವುದು, ಬ್ಲೌಸ್ ತುದಿ ಯಾವುದು ಅಂತ ಗೊತ್ತಾಗದ ಡಿಸೈನ್ ಈಗ ಬಹಳ ಬರ್ತಿವೆ. ಎರಡಿಂಚು ಒಳಗೆ ಕತ್ತರಿ ಬಿದ್ರೆ ಸೀರೆ ಅಷ್ಟು ಗಿಡ್ಡ ಆಗುತ್ತೆ, ಹೊರಗೆ ಬಿದ್ರೆ ತೋಳಿಗೆ ಅಂಚು ಸಾಲಲ್ಲ. ಕೊಡೋ ಮುಂಚೆ ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿದು ಒಂದು ಸಲ ನೋಡಿ. ತೂತು, ನೂಲು ಎಳೆದಿರೋದು ಕಂಡ್ರೆ ಅಂಗಡಿಯವರು ಬದಲಾಯಿಸಿ ಕೊಡ್ತಾರೆ. ಕತ್ತರಿಸಿದ ಮೇಲೆ ಯಾರೂ ತಗೊಳ್ಳಲ್ಲ.

ಸೀರೆಯ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್ ಇರುತ್ತೆ. ಎದೆ ಸುತ್ತಳತೆ 36ರವರೆಗೆ, ಗಿಡ್ಡ ತೋಳಿಗೆ ಧಾರಾಳ ಸಾಕು. 40 ದಾಟಿ, ಮೊಣಕೈವರೆಗೂ ತೋಳು ಬೇಕು, ಮುಂಭಾಗ ಕ್ರಾಸ್ ಕಟಿಂಗೂ ಬೇಕು ಅಂದ್ರೆ ಬರಲ್ಲ. ಕ್ರಾಸ್‌ಗೆ ಬಟ್ಟೆ ಓರೆಯಾಗಿ ಇಡಬೇಕು, ಮೂಲೆಗಳು ವೇಸ್ಟ್ ಆಗುತ್ತವೆ. ತೋಳು ಗಿಡ್ಡ ಮಾಡೋದೋ, ನೇರ ಕಟಿಂಗೋ, ಎರಡರಲ್ಲಿ ಒಂದು ಒಪ್ಪಿಕೊಳ್ಳಬೇಕು. ಕಂಕುಳಲ್ಲಿ ಜೋಡು ಹಾಕಿ ಸರಿದೂಗಿಸಬಹುದು, ಕೈ ಎತ್ತಿದಾಗ ಮಾತ್ರ ಕಾಣುತ್ತೆ.

ಲೈನಿಂಗ್ ಕಾಟನ್ನೇ ತನ್ನಿ, 1 ಮೀಟರ್. 40ರ ಮೇಲೆ ಅಥವಾ ಮೊಣಕೈ ತೋಳಾದ್ರೆ 1.25. *ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ತನ್ನಿ.* ನೆನೆಸದೆ ಹೊಲಿದ್ರೆ ಮೊದಲ ಒಗೆತಕ್ಕೇ ಒಳಗಿನ ಕಾಟನ್ ಕುಗ್ಗುತ್ತೆ, ಮೇಲಿನ ರೇಷ್ಮೆ ಕುಗ್ಗಲ್ಲ. ಕಂಕುಳ ಹತ್ತಿರ, ಡಾಟ್ಸ್ ಮೇಲೆ ಗುಳ್ಳೆ ಗುಳ್ಳೆ ಏಳುತ್ತೆ. ಆಮೇಲೆ ಇಸ್ತ್ರಿ ಎಷ್ಟು ಒತ್ತಿದ್ರೂ ಕೂರಲ್ಲ. ಫಾಲ್ ಕೂಡ ಹಾಗೇ, ನೆನೆಸದ್ದು ಕುಗ್ಗಿ ಸೀರೆ ಕೆಳಗೆ ಸುಕ್ಕು ಹಿಡಿಯುತ್ತೆ. ನೆನೆಸಿದ ನೀರು ಕೆಂಪೋ ನೀಲಿಯೋ ಆದ್ರೆ ನೀರು ತಿಳಿ ಆಗೋವರೆಗೂ ಮತ್ತೆ ಜಾಲಿಸಿ. ಬಿಡ್ತಾನೇ ಇದ್ರೆ ಆ ಲೈನಿಂಗ್ ಬೇಡ, ಕೆನೆ ಬಣ್ಣದ ಸೀರೆಯವರಂತೂ ಬೇಡವೇ ಬೇಡ. ಬೆವರಿಗೆ ಬಣ್ಣ ಹತ್ತುತ್ತೆ. ಲೈನಿಂಗ್ ತರೋಕೆ ಶಿವರಾಂಪೇಟೆ, ದೇವರಾಜ ಮಾರುಕಟ್ಟೆ ಕಡೆ ಈಗಲೇ ಹೋಗಿಬನ್ನಿ. ದಸರಾ ದೀಪ ಹಾಕಿದ ಮೇಲೆ ಸಂಜೆ ಸಯ್ಯಾಜಿರಾವ್ ರಸ್ತೆ ದಾಟೋದೇ ಒಂದು ಕೆಲಸ.

ಮೈಸೂರು ಸಿಲ್ಕ್ ಕ್ರೇಪ್ ಜಾರುತ್ತೆ, ಎಳೆದಂಗೆಲ್ಲ ಹಿಗ್ಗುತ್ತೆ. ಅದನ್ನ ಲೈನಿಂಗ್ ಜೊತೆ ಸುತ್ತಲೂ ಕಚ್ಚಾ ಹಾಕಿಕೊಂಡು, ಸಣ್ಣ ಸೂಜಿಯಲ್ಲಿ ಹೊಲೀತೀವಿ. ಅದರಲ್ಲಿ ಹೊಲಿಗೆ ಬಿಚ್ಚಿದ್ರೆ ಸೂಜಿ ತೂತು ಹಾಗೇ ಕಾಣುತ್ತೆ. ಹಾಗಾಗಿ ಕತ್ತಿನ ಆಳ, ತೋಳಿನ ಉದ್ದ ಮೊದಲೇ ಗಟ್ಟಿ ಮಾಡಿ ಹೇಳಿ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸಬೇಡಿ, ಕಲೆ ನಿಲ್ಲುತ್ತೆ.

*ಅಳತೆ*
ಈಗ ಹಾಕಿಕೊಳ್ತಿರೋ, ಸರಿಯಾಗಿ ಕೂರೋ ಲೈನಿಂಗ್ ಬ್ಲೌಸನ್ನೇ ಅಳತೆಗೆ ತನ್ನಿ. ಹಳೇ ಕಾಟನ್ ಬ್ಲೌಸ್ ಒಗೆದು ಒಗೆದು ಹಿಗ್ಗಿರುತ್ತೆ. ಪಕ್ಕದ ಹೊಲಿಗೆ ಒಂದು ಬಿಚ್ಚಿಕೊಂಡು ಹಾಕ್ತಿದ್ರೆ ಅದನ್ನ ಹೇಳಿ. “ತೋಳು ಸ್ವಲ್ಪ ಬಿಗಿ” ಅಂದ್ರೆ ನಮಗೆ ಗೊತ್ತಾಗಲ್ಲ: ತೋಳಿನ ಅಂಚಲ್ಲಿ ಬಿಗಿಯೋ, ಮೇಲೆ ರಟ್ಟೆಯಲ್ಲೋ, ಕಂಕುಳಲ್ಲೋ? ಮೂರಕ್ಕೂ ಕಟಿಂಗ್ ಬೇರೆ. ಎರಡೂ ಪಕ್ಕ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟೇ ಬಿಡ್ತೀವಿ, ಮುಂದೆ ಬಿಚ್ಚಿಕೊಳ್ಳೋಕೆ.

ಕತ್ತಿನ ಡಿಸೈನ್ ಫೋಟೋ ಕಳಿಸಿ, ಜೊತೆಗೆ ಭುಜದ ಹೊಲಿಗೆಯಿಂದ ಎಷ್ಟು ಇಂಚು ಆಳ ಅಂತಾನೂ ಬರೆಯಿರಿ. ಫೋಟೋದಲ್ಲಿರೋ ಹುಡುಗಿಗೆ 8 ಇಂಚು ಚೆಂದ ಕಂಡ್ರೆ ನಮಗೆ ಅದೇ 8 ಒಳಗಿನ ಪಟ್ಟಿ ತೋರಿಸಬಹುದು. ಬೆನ್ನು ಆಳವೂ ಬೇಕು, ಅಗಲವೂ ಬೇಕು ಅಂದ್ರೆ ಹಿಂದೆ ಲಾಡಿ ಇರಲೇಬೇಕು, ಇಲ್ಲದಿದ್ರೆ ಭುಜ ಜಾರುತ್ತೆ. ಬೋಟ್ ನೆಕ್‌ಗೆ ಹುಕ್ಕು ಹಿಂದೆ ಬರುತ್ತೆ. ಹಾಕೋಕೆ ಇನ್ನೊಬ್ಬರು ಬೇಕಾಗುತ್ತೆ, ಯೋಚಿಸಿ ಹೇಳಿ.

ಮಕ್ಕಳ ಲಂಗಕ್ಕೆ ಅಂಚು ಕೆಳಗೆ ಬರಬೇಕಾದ್ರೆ ಬಟ್ಟೆಯ ಉದ್ದ ಲಂಗದ ಸುತ್ತಿಗೆ ಹೋಗುತ್ತೆ, ಪನ್ನ ಲಂಗದ ಉದ್ದಕ್ಕೆ. 6 ವರ್ಷದ ಮಗುವಿಗೆ 44 ಇಂಚು ಪನ್ನದಲ್ಲಿ 2.5 ಮೀಟರ್ ತನ್ನಿ. 24 ಇಂಚು ಲಂಗಕ್ಕೆ, 2 ಇಂಚು ಒಳಮಡಿಕೆಗೆ, ಉಳಿದದ್ದರಲ್ಲಿ ಬ್ಲೌಸ್ ಆಗುತ್ತೆ. ಆ ಮಡಿಕೆ ಬೇಡ ಅನ್ನಬೇಡಿ, ಮುಂದಿನ ವರ್ಷ ಬಿಚ್ಚಿದ್ರೆ ಅದೇ ಲಂಗ ಬರುತ್ತೆ.

*ಆರಿ ವರ್ಕ್, ಕುಚ್ಚು*
ಆರಿ ವರ್ಕ್ ಬೇಕಾದೋರು *ಆಗಸ್ಟ್ 31 ಭಾನುವಾರ ಮಧ್ಯಾಹ್ನ 1ರೊಳಗೆ* ಬನ್ನಿ, ಬರೀ 5 ಬ್ಲೌಸ್ ತಗೊಳ್ತೀವಿ. ಮೊದಲು ನಾವು ಬಟ್ಟೆ ಮೇಲೆ ಅಳತೆ ಗುರುತು ಹಾಕಬೇಕು, ಆಮೇಲೆ ಫ್ರೇಮಿಗೆ ಹೋಗಬೇಕು, ಹೊಲಿಗೆ ಕೊನೆಗೆ. ಬೇರೆ ಕಡೆ ವರ್ಕ್ ಮಾಡಿಸೋರೂ ಗುರುತು ಹಾಕಿಸಿಕೊಂಡೇ ಕೊಡಿ. ಅಂದಾಜಲ್ಲಿ ಮಾಡಿಸಿದ ಡಿಸೈನ್ ಹೊಲಿಗೆ ಒಳಗೆ ಹೋಗಿಬಿಡುತ್ತೆ. ಕುಚ್ಚಿಗೆ ಒಂದು ವಾರ, ಸೀರೆ ಜೊತೆಗೇ ಕೊಡಿ.

*ಬುಕ್ ಮಾಡೋದು ಹೇಗೆ*
ಇದೇ ನಂಬರಿಗೆ ಹೀಗೆ ಬರೆದು ಕಳಿಸಿ:

“ರೂಪಾ, 9ನೇ ಮೇನ್. ಲೈನಿಂಗ್ ಬ್ಲೌಸ್ 2, ಮಗು ಲಂಗ ಬ್ಲೌಸ್ 1 (6 ವರ್ಷ). 2ನೇ ಕಂತು. ಬಟ್ಟೆ ತರೋದು ಸೆಪ್ಟೆಂಬರ್ 3 ಸಂಜೆ.”

ಇದು 4 ಟೋಕನ್, ಅಡ್ವಾನ್ಸ್ 800, ಒಟ್ಟು 2000. ನಾವು ಟೋಕನ್ ನಂಬರ್ ಕಳಿಸಿದ ಮೇಲೆ ಜಾಗ ಹಿಡಿದ ಹಾಗೆ. ನೀಲಿ ಟಿಕ್ ಬಂದ್ರೆ ಬುಕ್ ಆಯ್ತು ಅಂತ ಅಲ್ಲ. ವಾಯ್ಸ್ ಮೆಸೇಜ್ ಬೇಡ, ಮಿಷನ್ ಸದ್ದಲ್ಲಿ ಕೇಳಲ್ಲ. ಒಂದೊಂದು ಸೀರೆ ಒಂದೊಂದು ಕವರಲ್ಲಿ, ಒಳಗೆ ಹೆಸರಿನ ಚೀಟಿ ಇಟ್ಟು ತನ್ನಿ. ಚೀಟಿಯನ್ನ ರೇಷ್ಮೆಗೆ ಪಿನ್ ಮಾಡಬೇಡಿ.

ಅಂಗಡಿ ಬೆಳಗ್ಗೆ 10ರಿಂದ 1:30, ಸಂಜೆ 4ರಿಂದ 8. ಭಾನುವಾರ ರಜ, ಈ 31 ಮಾತ್ರ ಬೆಳಗ್ಗೆ ಇರ್ತೀವಿ. ಹೊಸಬರಿಗೆ, ಪ್ರಿನ್ಸೆಸ್ ಕಟ್‌ನವರಿಗೆ ಟ್ರಯಲ್ 1ನೇ ಕಂತಿಗೆ ಸೆಪ್ಟೆಂಬರ್ 16, 2ನೇ ಕಂತಿಗೆ 24, ಸಂಜೆ 4ರಿಂದ 7. ತಂಗಿಯನ್ನ ಕಳಿಸ್ತೀನಿ ಅನ್ನಬೇಡಿ, ಹಾಕಿಕೊಳ್ಳೋರೇ ಬರಬೇಕು. ಕೊಟ್ಟ ದಿನದಿಂದ 10 ದಿನ ಆಲ್ಟರೇಷನ್ ಫ್ರೀ. ಹಳೇ ಬಟ್ಟೆ ಆಲ್ಟರೇಷನ್ ಅಕ್ಟೋಬರ್ 6ರವರೆಗೂ ತಗೊಳ್ಳಲ್ಲ.

ಸೆಪ್ಟೆಂಬರ್ 6ರ ರಾತ್ರಿ 8 ದಾಟಿದ ಮೇಲೆ ಬಂದ ಬಟ್ಟೆ ದೀಪಾವಳಿ ಪಟ್ಟಿಗೆ ಹೋಗುತ್ತೆ. 8ನೇ ತಾರೀಕಿನಿಂದ ಮೂರು ದಿನ ಒಂದೇ ಸಮ ಕಟಿಂಗ್ ಇರುತ್ತೆ. ಯಾರದ್ದಾದ್ರೂ ಬಟ್ಟೆ ಸಾಲದೆ ಬಂದ್ರೆ ಆಗಲೇ ಫೋನ್ ಮಾಡ್ತೀವಿ, ದಯವಿಟ್ಟು ಎತ್ತಿ.

– ಸರೋಜ