ನಮ್ಮ ಎಣ್ಣೆ ಬಗ್ಗೆ ನಿಮ್ಮ ಮಾತು: ಗಿರಾಕಿಗಳಿಗೆ ಸಂದೇಶ, ಒಪ್ಪಿಗೆ ಪಡೆದು ಹಾಕುವ ಬಗೆ

ಹಳೆ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವುದು

ನಮಸ್ಕಾರ,

ತಿಪಟೂರಿನ ಗಾಣದಿಂದ ಶೈಲಜಾ. ತುಂಬಾ ದಿನದಿಂದ ನಮ್ಮಲ್ಲಿ ಎಣ್ಣೆ ತಗೊಳ್ಳುತ್ತಿದ್ದೀರಿ. ಇವತ್ತು ಆರ್ಡರ್ ವಿಷಯಕ್ಕಲ್ಲ, ನಿಮ್ಮಿಂದ ಒಂದು ಸಹಾಯ ಬೇಕಿತ್ತು.

ಇಷ್ಟು ದಿನ ನಮ್ಮ ವ್ಯಾಪಾರ ನಡೆದಿದ್ದು ಬಾಯಿಮಾತಿನ ಮೇಲೆ. ನೀವು ಪಕ್ಕದ ಮನೆಯವರಿಗೆ ಹೇಳಿದಿರಿ, ಅವರು ತಂಗಿ ಮನೆಗೆ ಹೇಳಿದರು. ಈಗ ಒಂದು ವೆಬ್‌ಸೈಟ್ ಮಾಡಿಸುತ್ತಿದ್ದೇವೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಸಣ್ಣದೊಂದು ಮಳಿಗೆ ಹಾಕುವ ಯೋಚನೆಯೂ ಇದೆ. ಹೊಸಬರು ಯಾವಾಗಲೂ ಕೇಳುವುದು ಒಂದೇ: "ಅಂಗಡಿಯಲ್ಲಿ ಕಡಿಮೆಗೆ ಸಿಗುವಾಗ ನಿಮ್ಮದಕ್ಕೆ ಯಾಕೆ ಜಾಸ್ತಿ ಕೊಡಬೇಕು?" ನಾನು ಉತ್ತರ ಕೊಟ್ಟರೆ ಮಾರುವವಳ ಮಾತು ಅನಿಸುತ್ತದೆ. ಮನೆಯಲ್ಲಿ ಬಳಸಿ ನೋಡಿದವರು ನೀವು. ನಿಮ್ಮ ಅನುಭವ ನಾಲ್ಕು ಸಾಲಲ್ಲಿ ಬರೆದುಕೊಡುತ್ತೀರಾ?

ಹೊಗಳಿ ಅಂತ ಕೇಳುತ್ತಿಲ್ಲ. "ಎಣ್ಣೆ ಸೂಪರ್, ಎಲ್ಲರೂ ತಗೊಳ್ಳಿ" ಅಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಯಾವ ಎಣ್ಣೆ ತಗೊಳ್ಳುತ್ತೀರಿ, ಯಾವುದಕ್ಕೆ ಬಳಸುತ್ತೀರಿ, ಮೊದಲ ಸಲ ಕ್ಯಾನ್ ತೆರೆದಾಗ ಏನನಿಸಿತು, ಇಷ್ಟನ್ನು ಬರೆದರೆ ಸಾಕು. ಹುಚ್ಚೆಳ್ಳೆಣ್ಣೆ ಒಗ್ಗರಣೆಯ ವಾಸನೆಗೆ ಮನೆಯಲ್ಲಿ ಯಾರು ಏನಂದರು ಅನ್ನುವುದೂ ನಡೆಯುತ್ತದೆ. ತೊಂದರೆ ಆಗಿದ್ದರೆ ಅದನ್ನೂ ಬಿಡಬೇಡಿ. ಬಜ್ಜಿ ಕರಿಯುವಾಗ ಕಡಲೆಕಾಯಿ ಎಣ್ಣೆ ನೊರೆ ಬಂತು ಅಂತ ಎಷ್ಟೋ ಜನ ಫೋನ್ ಮಾಡಿದ್ದೀರಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದಾಗ ಏನೋ ಬೆರೆಸಿದ್ದಾರೆ ಅಂದುಕೊಂಡವರೂ ಇದ್ದೀರಿ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಅದರ ಗುಣ. ಇದನ್ನು ನೀವು ಹೇಳಿದರೆ ಹೊಸಬರ ಗಾಬರಿ ಬೇಗ ಹೋಗುತ್ತದೆ.

ಬರೆಯೋಕೆ ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿ. ನಾವೇ ಬರೆದುಕೊಂಡು ನಿಮಗೆ ತೋರಿಸುತ್ತೇವೆ. ಭಾಷೆ ನಿಮ್ಮ ಮನೆಯದೇ ಇರಲಿ. ಮಂಗಳೂರು ಕನ್ನಡವೋ ಧಾರವಾಡದ ಕನ್ನಡವೋ, ನಾವು ತಿದ್ದುವುದಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಶುಗರ್ ಇಳಿಯಿತು, ಮಂಡಿನೋವು ಹೋಯಿತು, ಕೂದಲು ಉದುರುವುದು ನಿಂತಿತು ಅಂತ ಬರೆದರೆ ಅದನ್ನು ಹಾಕಲು ನಮಗೆ ಆಗುವುದಿಲ್ಲ. ನಿಮ್ಮ ಮಾತಿನ ಮೇಲೆ ಅನುಮಾನ ಅಂತಲ್ಲ. ನಮ್ಮ ಲೈಸೆನ್ಸ್ ಅಡುಗೆ ಎಣ್ಣೆಯದು. ತಿನ್ನುವ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವುದಕ್ಕೆ ಆಹಾರ ಸುರಕ್ಷತೆಯ ನಿಯಮದಲ್ಲಿ ಜಾಗವಿಲ್ಲ. ಗಿರಾಕಿ ಹೇಳಿದ್ದನ್ನು ನಾವು ನಮ್ಮ ಪುಟದಲ್ಲಿ ಹಾಕಿದರೆ ಅದೂ ಜಾಹೀರಾತೇ.

ನೀವು ಕಳಿಸಿದ ಕೂಡಲೇ ಎಲ್ಲೂ ಹಾಕುವುದಿಲ್ಲ. ಹೇಗೆ ಕಾಣುತ್ತದೆ ಅಂತ ಮೊದಲು ನಿಮಗೆ ತೋರಿಸುತ್ತೇವೆ. ಎಲ್ಲಿ ಹಾಕಬಹುದು, ಹೆಸರು ಬೇಕಾ ಬೇಡವಾ, ಎಲ್ಲಾ ನೀವೇ ಹೇಳಿ. ನೀವು ಹೂಂ ಅಂದ ಮೇಲೇ ಹಾಕುವುದು. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ತಿಳಿದುಕೊಳ್ಳುತ್ತೇವೆ.

ಇದಕ್ಕೆ ಬದಲಾಗಿ ಎಣ್ಣೆಯಾಗಲಿ ರಿಯಾಯಿತಿಯಾಗಲಿ ಕೊಡುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟು ಬರೆಸಿಕೊಂಡ ಮಾತಿಗೆ ಬೆಲೆ ಎಲ್ಲಿ? ಬರೆಯಲು ಮನಸ್ಸಿಲ್ಲದಿದ್ದರೂ ಏನೂ ಇಲ್ಲ, ನಿಮ್ಮ ಮುಂದಿನ ಕ್ಯಾನ್ ಎಂದಿನಂತೆ ಬರುತ್ತದೆ. ಬರೆಯುವುದಾದರೆ ದೀಪಾವಳಿಯೊಳಗೆ ಇದೇ ನಂಬರಿಗೆ ಕಳಿಸಿ. ಇಂಥ ಮೆಸೇಜ್ ಇನ್ನು ಬೇಡ ಅನಿಸಿದರೆ "ಬೇಡ" ಅಂತ ಒಂದು ಮಾತು ಹಾಕಿ.

ಶೈಲಜಾ
ಎ.ಪಿ.ಎಂ.ಸಿ. ಹಿಂದಿನ ಗಾಣ, ತಿಪಟೂರು

ಬರೆದುಕೊಟ್ಟವರಿಗೆ ಒಪ್ಪಿಗೆ ಕೇಳಿ ಕಳಿಸುವುದು

(ಹಾಸನದ ಟೀಚರ್‌ಗೆ ಹೀಗೆ ಕಳಿಸಿದೆ. ಉಳಿದವರಿಗೂ ಇದೇ ಸಾಕು, ಅವರವರ ಮಾತು ಬದಲಿಸಿಕೊಂಡರೆ ಆಯಿತು.)

ಸುಧಾ ಮೇಡಂ, ನಮಸ್ಕಾರ. ಬಿಡುವು ಮಾಡಿಕೊಂಡು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಬರೆದಿದ್ದು ಸ್ವಲ್ಪ ಉದ್ದ ಇತ್ತು, ಮಧ್ಯದ ಎರಡು ಸಾಲು ಬಿಟ್ಟಿದ್ದೇವೆ. ಪದ ಯಾವುದನ್ನೂ ಬದಲಿಸಿಲ್ಲ. ಹಾಕಿದರೆ ಹೀಗೆ ಕಾಣುತ್ತದೆ:

"ನಾಲ್ಕು ವರ್ಷದಿಂದ ಕಡಲೆಕಾಯಿ ಎಣ್ಣೆ ಇಲ್ಲಿಂದಲೇ ತರಿಸುತ್ತೇವೆ. ಮೊದಲ ಸಲ ಪೂರಿ ಕರಿಯುವಾಗ ನೊರೆ ಉಕ್ಕಿ ಹೆದರಿಬಿಟ್ಟೆ. ಫೋನ್ ಮಾಡಿದೆ. ಉರಿ ಸಣ್ಣ ಮಾಡಿ, ಬಾಣಲೆ ಅರ್ಧ ಮಾತ್ರ ತುಂಬಿಸಿ ಅಂದರು. ಈಗ ತೊಂದರೆ ಇಲ್ಲ. ಕೊರಿಯರ್‌ನಲ್ಲಿ ಒಂದು ಸಲ ಕ್ಯಾನ್ ಸೋರಿತ್ತು, ಬೇರೆ ಕಳಿಸಿಕೊಟ್ಟರು. ಬೆಲೆ ಜಾಸ್ತಿ ಅನ್ನುವುದು ನಿಜ. ಚಟ್ನಿಪುಡಿಗೆ ಈ ಎಣ್ಣೆ ಬಿಟ್ಟು ಬೇರೆ ರುಚಿಸುವುದಿಲ್ಲ." — ಸುಧಾ, ಶಿಕ್ಷಕಿ, ಹಾಸನ

ಇದರಲ್ಲಿ ಏನಾದರೂ ಬದಲಿಸಬೇಕಾ? ಆಮೇಲೆ ಇವಕ್ಕೆ ಒಂದೊಂದಾಗಿ ಹೌದು ಅಥವಾ ಬೇಡ ಅಂತ ಬರೆಯಿರಿ. ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಅಂದರೂ ಸರಿ.

1. ನಮ್ಮ ವೆಬ್‌ಸೈಟಿನಲ್ಲಿ ಹಾಕಬಹುದಾ?
2. ವಾಟ್ಸಾಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದಾ?
3. ಪರಿಷೆಯಲ್ಲಿ ಹಂಚುವ ಕರಪತ್ರದಲ್ಲಿ ಅಚ್ಚು ಹಾಕಿಸಬಹುದಾ?
4. ನಿಮ್ಮ ಹೆಸರು ಮತ್ತು ಊರು ಇರಲಾ? ಬೇಡವಾದರೆ "ಹಾಸನದ ಗಿರಾಕಿ" ಅಂತ ಹಾಕುತ್ತೇವೆ. ಶಿಕ್ಷಕಿ ಅನ್ನುವುದು ಬೇಡವಾದರೆ ತೆಗೆಯುತ್ತೇವೆ.
5. ನೀವು ಕಳಿಸಿದ ಅಡುಗೆಮನೆ ಫೋಟೋ ಬಳಸಬಹುದಾ? ಅದರಲ್ಲಿ ಮಗು ಇದೆ. ನಾವು ಮಗುವನ್ನು ಬಿಟ್ಟು ಕ್ಯಾನ್, ಬಾಣಲೆ ಮಾತ್ರ ಉಳಿಸಿಕೊಳ್ಳುತ್ತೇವೆ.

ನಿಮ್ಮ ಫೋನ್ ನಂಬರ್, ಮನೆ ವಿಳಾಸ ಎಲ್ಲೂ ಕಾಣುವುದಿಲ್ಲ. ಮುಂದೆ ಯಾವಾಗ ಬೇಡ ಅನಿಸಿದರೂ ಇದೇ ನಂಬರಿಗೆ "ತೆಗೆಯಿರಿ" ಅಂತ ಹಾಕಿ, ಕಾರಣ ಹೇಳಬೇಕಿಲ್ಲ. ವೆಬ್‌ಸೈಟ್, ಇನ್‌ಸ್ಟಾಗ್ರಾಂನಿಂದ ಎರಡು ದಿನದೊಳಗೆ ತೆಗೆಯುತ್ತೇವೆ. ಕರಪತ್ರ ಮಾತ್ರ ಹಂಚಿದ ಮೇಲೆ ವಾಪಸ್ ತರಲು ಆಗುವುದಿಲ್ಲ. ಮೂರನೆಯದಕ್ಕೆ ಸ್ವಲ್ಪ ಯೋಚಿಸಿ ಹೇಳಿ.

ಕಾವ್ಯಾಗೆ

ಕಾವ್ಯಾ, ಇನ್ನು ಮುಂದಿನದು ನಿನ್ನ ಕೆಲಸ. ಓದಿಕೊಂಡು ಡೌಟ್ ಇದ್ದರೆ ಈಗಲೇ ಕೇಳು.

ಇದಕ್ಕೆ ಅಂತ ಹೊಸ ಗ್ರೂಪ್ ಮಾಡಬೇಡ. ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಆಮೇಲೆ ಯಾರೋ ಚೀಟಿ ವ್ಯವಹಾರದವರು ಫೋನ್ ಮಾಡಿದರೆ ಬೈಸಿಕೊಳ್ಳುವುದು ನಾವು. ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸು. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೆಸರು ಹಾಕಿ ಒಬ್ಬೊಬ್ಬರಿಗೇ ಕಳಿಸು. ಹೋದ ತಿಂಗಳು ಎಣ್ಣೆ ಸೋರಿ ದೂರು ಕೊಟ್ಟವರ ತಕರಾರು ಮುಗಿಯುವ ತನಕ ಅವರಿಗೆ ಇದು ಹೋಗಬಾರದು. ಮೊದಲು ಅವರ ಕ್ಯಾನ್ ಬದಲಾಗಲಿ.

ಬಂದಿದ್ದಕ್ಕೆಲ್ಲಾ ಒಂದು ಎಕ್ಸೆಲ್ ಶೀಟ್ ಇಡು. ಯಾರು, ಯಾವತ್ತು ಬರೆದರು, ಯಾವುದಕ್ಕೆ ಹೌದು ಅಂದರು, ಯಾವುದಕ್ಕೆ ಬೇಡ ಅಂದರು, ಎಲ್ಲೆಲ್ಲಿ ಹಾಕಿದ್ದೀಯ. ಕೊನೆಯದು ಮುಖ್ಯ. ಯಾರಾದರೂ ತೆಗೆಯಿರಿ ಅಂದಾಗ ಎಲ್ಲಿದೆ ಅಂತ ಹುಡುಕುತ್ತಾ ಕೂರಬಾರದು. ಒಪ್ಪಿದ ಮೆಸೇಜಿನ ಸ್ಕ್ರೀನ್‌ಶಾಟ್ ಬೇರೆ ಫೋಲ್ಡರಿನಲ್ಲಿರಲಿ, ಫೋನ್ ಕೆಟ್ಟರೆ ಚಾಟ್ ಹೋಗುತ್ತದೆ. ಫೋನಿನಲ್ಲಿ ಬಾಯಿಮಾತಲ್ಲಿ ಹೂಂ ಅಂದರೆ, "ನೀವು ಒಪ್ಪಿದಿರಿ ಅಲ್ವಾ, ಇಲ್ಲಿ ಒಂದು ಹೌದು ಹಾಕಿ" ಅಂತ ವಾಟ್ಸಾಪ್‌ನಲ್ಲಿ ಬರೆಸಿಕೋ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ. ಯಾವುದಕ್ಕೆ ಅಂತ ತಿಳಿಸಿ ಒಪ್ಪಿಗೆ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ದಾರಿ ಇರಬೇಕು. 18 ವರ್ಷದೊಳಗಿನವರ ವಿಷಯ ಬಂದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಾವು ಮಕ್ಕಳ ಫೋಟೋನೇ ಹಾಕುವುದು ಬೇಡ, ತಲೆನೋವು ಮುಗಿಯಿತು.

ಸ್ಕ್ರೀನ್‌ಶಾಟನ್ನು ಹಾಗೇ ಸ್ಟೇಟಸ್‌ಗೆ ಹಾಕುವ ಅಭ್ಯಾಸ ನಿನಗಿದೆ. ಇನ್ನು ಅದು ಬೇಡ. ಮೇಲೆ ಹೆಸರು, ನಂಬರ್, ಡಿಪಿ ಎಲ್ಲಾ ಇರುತ್ತದೆ. ಪಠ್ಯವನ್ನು ಬೇರೆ ಬರೆದು ಹಾಕು. ಫೋಟೋದಲ್ಲಿ ಮನೆ ನಂಬರ್, ಗಾಡಿ ನಂಬರ್, ಗೋಡೆ ಮೇಲೆ ತೂಗುಹಾಕಿದ ಫ್ಯಾಮಿಲಿ ಫೋಟೋ ಇದೆಯಾ ನೋಡು.

ಕಾಗುಣಿತ ತಪ್ಪಿದ್ದರೆ ತಿದ್ದು, ಅಷ್ಟೇ. "ಬೆಲೆ ಜಾಸ್ತಿ" ಅನ್ನುವುದನ್ನು ಕತ್ತರಿಸಿ "ಬೇರೆ ರುಚಿಸುವುದಿಲ್ಲ" ಅನ್ನುವುದನ್ನು ಮಾತ್ರ ಉಳಿಸಿದರೆ ಅದು ಅವರ ಮಾತಲ್ಲ, ನಮ್ಮ ಮಾತು. ಸಾಲು ಬಿಟ್ಟರೂ ಅರ್ಥ ತಿರುಗಬಾರದು, ಬಿಟ್ಟಿದ್ದೇವೆ ಅಂತ ಅವರಿಗೂ ಹೇಳಬೇಕು. ಬೇರೆ ಕಂಪನಿ ಎಣ್ಣೆಯ ಹೆಸರು ಹಿಡಿದು ಬೈದಿದ್ದರೆ, ಆ ಹೆಸರು ತೆಗೆಯಬಹುದಾ ಅಂತ ಕೇಳು. ಬೇಡ ಅಂದರೆ ಆ ಅನಿಸಿಕೆಯನ್ನೇ ಬಿಡು. ಶುಗರ್, ಬಿ.ಪಿ., ಕೂದಲಿನ ಸಾಲು ಬಂದಾಗಲೂ ಹಾಗೆಯೇ. ಸುಮ್ನೆ ಕತ್ತರಿಸಬೇಡ, ಕೇಳಿ ತೆಗೆ.

ನಿಮ್ಮ ಅತ್ತೆ ಬೆಂಗಳೂರಿಂದ ಬರೆದು ಕಳಿಸಿದ್ದಾರೆ, ಚೆನ್ನಾಗಿದೆ. ಅವರು ನಮ್ಮವರೇ ಅಲ್ವಾ, ಹಾಕುವುದಾದರೆ ಕೆಳಗೆ "ನಮ್ಮ ಸಂಬಂಧಿ" ಅಂತ ಬರೆ. ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ. ಮೆಚ್ಚಿ ಹೇಳಿದ ಮಾತು ಹೇಳಿದವರ ನಿಜವಾದ, ಈಚಿನ ಅನುಭವ ಆಗಿರಬೇಕು. ಮಾರುವವರ ಜೊತೆ ನಂಟಿದ್ದರೆ ತಿಳಿಸಬೇಕು. ಈಚಿನದು ಅನ್ನುವುದಕ್ಕೇ ಪ್ರತಿ ಅನಿಸಿಕೆಯ ಕೆಳಗೆ ತಿಂಗಳು, ವರ್ಷ ಹಾಕು. ಎರಡು ವರ್ಷ ದಾಟಿದ ಮೇಲೆ "ಇನ್ನೂ ಇದೇ ಅಭಿಪ್ರಾಯವಾ?" ಅಂತ ಮತ್ತೆ ಕೇಳೋಣ. ಮಧ್ಯೆ ನಮ್ಮಲ್ಲಿ ತಗೊಳ್ಳುವುದು ನಿಲ್ಲಿಸಿದ್ದರೆ ತೆಗೆದುಬಿಡು.

ಗೂಗಲ್ ರಿವ್ಯೂ ಲೆಕ್ಕವೇ ಬೇರೆ, ಇದರ ಜೊತೆ ಸೇರಿಸಬೇಡ. ಅಲ್ಲಿ ಖುಷಿಯಾದವರನ್ನೇ ಆರಿಸಿ ಕೇಳುವ ಹಾಗಿಲ್ಲ, ಏನಾದರೂ ಕೊಟ್ಟು ಬರೆಸುವ ಹಾಗೂ ಇಲ್ಲ. ಆ ಲಿಂಕನ್ನು ಪ್ರತಿ ಬಿಲ್ಲಿನ ಕೆಳಗೆ ಎಲ್ಲರಿಗೂ ಒಂದೇ ಥರ ಅಚ್ಚು ಹಾಕಿಸೋಣ. ಅಲ್ಲಿ ಯಾರೋ ಚೆನ್ನಾಗಿ ಬರೆದಿದ್ದಾರೆ ಅಂತ ಎತ್ತಿ ಕರಪತ್ರಕ್ಕೆ ಹಾಕಬೇಡ. ಯಾರು ಅಂತ ಗೊತ್ತಾದರೆ ಅವರನ್ನೂ ಕೇಳು, ಗೊತ್ತಾಗದಿದ್ದರೆ ಬಿಡು.

ಒಪ್ಪಿಗೆ ಕೇಳಿದವರು ಉತ್ತರ ಕೊಡದಿದ್ದರೆ ವಾರ ಬಿಟ್ಟು ಒಂದು ಸಲ ನೆನಪಿಸು, ಮತ್ತೆ ಬೇಡ. ಹಾಕಿದ ದಿನ ಅವರಿಗೆ ಲಿಂಕ್ ಕಳಿಸು, ಖುಷಿಪಡುತ್ತಾರೆ.

ಮೊದಲ ಕಂತು ಬುಧವಾರ ಸಂಜೆ ಕಳಿಸು. ಗುರುವಾರ ಬೆಳಿಗ್ಗೆ ಕೊಬ್ಬರಿ ಲೋಡ್ ಬರುತ್ತದೆ, ಆ ಹೊತ್ತಲ್ಲಿ ಫೋನ್ ಎತ್ತಲು ಯಾರಿಗೂ ಕೈ ಬಿಡುವಿರುವುದಿಲ್ಲ. ನೀನು ಮನೆಯಿಂದಲೇ ಉತ್ತರ ಕೊಡು.

ಚಿಕ್ಕಮ್ಮ